ಒಂದು ಟ್ರಾಂಬೋನ್ ಸ್ವರ, 18 ವಾದಕರು

ಫ್ರೆಂಚ್ ಸಂಯೋಜಕ ಜೆರಾರ್ ಗ್ರಿಸೆ 1975ರಲ್ಲಿ ಬರೆದ ‘ಪಾರ್ಸಿಯೆಲ್’ ಕೃತಿ ಶುರುವಾಗುವುದೇ ಒರಟು ಸದ್ದಿನಿಂದ. ಡಬಲ್ ಬಾಸ್ ತನ್ನ ತೀರಾ ಕೆಳಗಿನ ‘ಇ’ ಸ್ವರವನ್ನು ಮತ್ತೆ ಮತ್ತೆ ಉಜ್ಜುತ್ತದೆ, ಟ್ರಾಂಬೋನ್ ದನಿಗೂಡಿಸುತ್ತದೆ. ಅದು ಅಡಗುವ ಮೊದಲೇ ಚೆಲ್ಲೊ, ಕ್ಲಾರಿನೆಟ್, ವಯೋಲಿನ್, ಪಿಕೊಲೊಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಹಾಡಿಕೊಳ್ಳಲು ಮಟ್ಟೇನೂ ಸಿಗುವುದಿಲ್ಲ. 18 ವಾದಕರು ಸೇರಿ ಒಂದೇ ಟ್ರಾಂಬೋನ್ ಸ್ವರದ ಒಳಗನ್ನು ಬಿಚ್ಚಿಡುತ್ತಿದ್ದಾರೆ.

ವಾದ್ಯದ ಸ್ವರ ಒಂಟಿಯಾಗಿ ಬರುವುದಿಲ್ಲ. ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳೂ ಅದರ ಜೊತೆಗಿರುತ್ತವೆ. ಇವೇ ಉಪಸ್ವರಗಳು. ತಂಬೂರಿಯ ಮಂದ್ರ ಷಡ್ಜ ಮೀಟಿದಾಗ ಯಾರೂ ನುಡಿಸದ ಗಾಂಧಾರ ಕಿವಿಗೆ ಬೀಳುತ್ತದಲ್ಲ, ಅದು ಐದನೆಯ ಉಪಸ್ವರ. ಯಾವ ಉಪಸ್ವರ ಎಷ್ಟು ಜೋರು, ಯಾವುದು ಮೊದಲು ಮೂಡುತ್ತದೆ, ಯಾವುದು ಮೊದಲು ಕರಗುತ್ತದೆ ಎಂಬುದರಿಂದಲೇ ಟ್ರಾಂಬೋನಿಗೂ ಕೊಳಲಿಗೂ ನಾದದ ಬಣ್ಣ ಬೇರೆಯಾಗುತ್ತದೆ. ಧ್ವನಿಯನ್ನು ಚಿತ್ರವಾಗಿ ಬಿಡಿಸುವ ಸೋನೋಗ್ರಾಮ್‌ನಲ್ಲಿ ಗ್ರಿಸೆ ಓದಿಕೊಂಡದ್ದು ಇದನ್ನೇ.

ಓದಿದ್ದನ್ನು ವಾದಕರಿಗೆ ಹಂಚುವಾಗ ತೊಡಕು ಎದುರಾಯಿತು. ಆ ‘ಇ’ ಸ್ವರ ಸೆಕೆಂಡಿಗೆ 41.2 ಸಲ ಕಂಪಿಸುತ್ತದೆ. ಅದರ 11ನೆಯ ಉಪಸ್ವರ 453ರ ಸುಮಾರಿಗೆ ಬರುತ್ತದೆ. ಪಿಯಾನೊದಲ್ಲಿ 440ರ ಕಟ್ಟೆಯಿದೆ, ಅದರ ಪಕ್ಕದ್ದು 466. ನಡುವೆ ಏನೂ ಇಲ್ಲ. ಹಾಗಾಗಿ ಗ್ರಿಸೆ ಕಾಲು ಸ್ವರ, ಆರನೇ ಒಂದು ಸ್ವರದಷ್ಟು ಸಣ್ಣ ಅಂತರಗಳನ್ನೂ ಬರೆದರು. ಯಂತ್ರದ ಅಳತೆಗೆ ಇದು ಹತ್ತಿರ, ಅಷ್ಟೇ. ಆದರೆ ವಾದಕರ ಕೈಗೆ ನಿಲುಕುವಂತಿತ್ತು. ಟ್ರಾಂಬೋನಿನಲ್ಲಿ ಕ್ಷಣಾರ್ಧದಲ್ಲಿ ಮುಗಿಯುವ ಆರಂಭ ಇಲ್ಲಿ ಹಲವು ಸೆಕೆಂಡುಗಳಷ್ಟು ಹಿಗ್ಗುತ್ತದೆ. ಕೆಳಗಿನ ಉಪಸ್ವರ ಮೊದಲು, ಮೇಲಿನವು ಆಮೇಲೆ.

ಕೇಳುಗರಿಗೆ ಇದು ದೊಡ್ಡ ಟ್ರಾಂಬೋನಿನಂತೆ ಕೇಳಿಸುತ್ತದೆಯೇ? ಇಲ್ಲ. ಒಂದು ಉಪಸ್ವರದ ಜಾಗದಲ್ಲಿ ವಯೋಲಿನ್ ನುಡಿದರೆ ಅದು ತನ್ನದೇ ಉಪಸ್ವರಗಳನ್ನೂ ಹೊತ್ತು ತರುತ್ತದೆ. ನಕಲು ಹೀಗೆ ಕೆಡುವುದರಿಂದಲೇ ಕೃತಿಗೆ ಬೆಲೆ ಬಂದಿದೆ ಎನ್ನಬೇಕು. ಹುಟ್ಟುವುದು ಹಾರ್ಮನಿಯೂ ಅಲ್ಲದ, ಬರೀ ನಾದಬಣ್ಣವೂ ಅಲ್ಲದ, ಎರಡರ ನಡುವಿನ ಏನೋ ಒಂದು. ಮುಂದಿನ ಆವರ್ತನಗಳಲ್ಲಿ ಗ್ರಿಸೆ ಕೆಲವು ಉಪಸ್ವರಗಳನ್ನು ಬೇಕೆಂದೇ ಕೆಳಗಿನ ಸ್ಥಾಯಿಗೆ ಇಳಿಸುತ್ತಾ ಹೋಗುತ್ತಾರೆ. ಪೂರ್ಣಾಂಕದ ನಂಟು ಕಳಚಿ ತಿಳಿಯಾದ ನಾದ ಕದಡುತ್ತದೆ, ಕೊನೆಗೆ ಗದ್ದಲದ ಅಂಚು ಮುಟ್ಟುತ್ತದೆ.

ಇಂಥ ರಚನೆಗಳಿಗೆ ‘ಸ್ಪೆಕ್ಟ್ರಲ್ ಸಂಗೀತ’ ಎಂಬ ಹೆಸರಿಟ್ಟವರು ಸಂಯೋಜಕ ಹ್ಯೂಗ್ ದ್ಯುಫೂರ್, 1979ರಲ್ಲಿ. ಗ್ರಿಸೆಗೆ ಆ ಹೆಸರು ಹಿಡಿಸಲಿಲ್ಲ. ಅವರ ಸಂಗಾತಿ ತ್ರಿಸ್ತಾಂ ಮ್ಯುರಾಯ್ ಬೇರೆ ದಾರಿ ಹಿಡಿದರು. 1980ರ ‘ಗೊಂಡ್ವಾನ’ದಲ್ಲಿ ಅವರು ಯಾವ ವಾದ್ಯದ ಧ್ವನಿಯನ್ನೂ ಅಳೆಯಲಿಲ್ಲ. ಸಿಂಥಸೈಜರ್‌ಗಳು ಬಳಸುವ ಎಫ್ಎಂ ಸೂತ್ರದಿಂದ ಕಂಪನಗಳನ್ನು ಲೆಕ್ಕ ಹಾಕಿ ಆರ್ಕೆಸ್ಟ್ರಾಗೆ ಬರೆದುಕೊಟ್ಟರು. ಗಂಟೆಯಂತೆ ಮೊಳಗುವ ಆರಂಭದ ಸ್ವರಗುಚ್ಛ ಹಂತಹಂತವಾಗಿ ಬದಲಾಗಿ ಹಿತ್ತಾಳೆ ವಾದ್ಯದ ನಾದಕ್ಕೆ ಬಂದು ಸೇರುತ್ತದೆ.