ಅಜ್ಜಿಯ ಕಣ್ಣು ತೆರೆಸಲು 400 ರೂಪಾಯಿ

ಗೃಹಪ್ರವೇಶದ ಗ್ರೂಪ್ ಫೋಟೊ ಕಳಿಸಿದ ಮೂರನೇ ದಿನ ನಮ್ಮ ಸ್ಟುಡಿಯೊಗೆ ಆ ಮನೆಯವರ ಇಮೇಲ್ ಬಂತು. ‘ಅಜ್ಜಿ ಕಣ್ಣು ಮುಚ್ಚಿದ್ದಾರೆ, ಮಗು ಆ ಕಡೆ ತಿರುಗಿದೆ. ಬೇರೆ ಫೋಟೊದಿಂದ ತೆಗೆದು ಹಾಕಿ. ದುಬೈನಲ್ಲಿರುವ ಅಣ್ಣನನ್ನೂ ಹಿಂದಿನ ಸಾಲಿನಲ್ಲಿ ನಿಲ್ಲಿಸಿಬಿಡಿ. ಐದು ನಿಮಿಷದ ಕೆಲಸ ಅಲ್ವಾ?’ ಕೊನೆಯ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳದ ಸ್ಟುಡಿಯೊದವರು ಇರಲಾರರು. ಫೋನಿನಲ್ಲಿ ಚೌಕಾಸಿ ಮಾಡುವುದಕ್ಕಿಂತ ಬರೆದು ತಿಳಿಸುವುದೇ ಮೇಲೆನಿಸಿತು.

‘ನಮಸ್ಕಾರ ಮೇಡಂ. ಅವತ್ತು ಸ್ಟ್ಯಾಂಡ್ ಮೇಲಿಟ್ಟ ಕ್ಯಾಮೆರಾದಿಂದ ಒಂದೇ ಜಾಗದಲ್ಲಿ ಆರು ಫೋಟೊ ತೆಗೆದಿದ್ದೆ. ನಾಲ್ಕನೆಯದರಲ್ಲಿ ಅಜ್ಜಿಯ ಕಣ್ಣು ತೆರೆದಿದೆ. ಬೆಳಕು, ದೂರ ಎರಡೂ ಅದೇ ಇರುವುದರಿಂದ ಮುಖವನ್ನಷ್ಟೇ ತಂದು, ಕೊರಳ ಸರದ ಬಳಿ ಅಂಚು ಕೂಡಿಸಿದರೆ ಸಾಕು. ಮುಕ್ಕಾಲು ಗಂಟೆ ಹಿಡಿಯುತ್ತದೆ, 400 ರೂಪಾಯಿ.

‘ಮಗುವಿನದು ಅಷ್ಟು ಸುಲಭವಿಲ್ಲ. ಅದು ನೇರ ನೋಡಿದ ಫೋಟೊದಲ್ಲಿ ತಾಯಿಯ ಕೈ ಬೇರೆ ಕಡೆ ಇದೆ. ಮಗುವನ್ನು ತಂದರೆ ಆ ಕೈಯನ್ನೂ ಸೆರಗಿನ ಮಡಿಕೆಯನ್ನೂ ಜೊತೆಗೆ ತರಬೇಕು. ಇಲ್ಲದಿದ್ದರೆ ಒಂದು ಕೈ ಹೆಚ್ಚಾಗಿ ಕಾಣುತ್ತದೆ! ಅದಕ್ಕೆ 700.

‘ಅಣ್ಣನವರದೇ ಕಷ್ಟ. ನೀವು ವಾಟ್ಸಾಪ್‌ನಲ್ಲಿ ಕಳಿಸಿದ್ದು ಅವರ ಗೆಳೆಯರ ಗುಂಪಿನ ಫೋಟೊ, 1600 ಪಿಕ್ಸೆಲ್ ಅಗಲದ್ದು. ಅದರಲ್ಲಿ ಅವರ ಮುಖ 60 ಪಿಕ್ಸೆಲ್ ಇದೆ. ನಮ್ಮ ಫೋಟೊದ ಅಗಲ 6000, ಪ್ರತಿ ಮುಖ ಸುಮಾರು 220. ನಾಲ್ಕು ಪಟ್ಟು ಹಿಗ್ಗಿಸಿದರೆ 12x18 ಪ್ರಿಂಟಿನಲ್ಲಿ ಅವರೊಬ್ಬರೇ ಮಸುಕಾಗಿ ಉಳಿಯುತ್ತಾರೆ. ಸೆಲ್ಫಿಯೂ ಬೇಡ. ಮೊಬೈಲನ್ನು ಹತ್ತಿರ ಹಿಡಿದಾಗ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಬೆಳಗಿನ ಹೊತ್ತು, ಬಿಸಿಲು ಅವರ ಎಡಗಡೆಯಿಂದ ಬೀಳುವಂತೆ ನಿಲ್ಲಿಸಿ, ಹತ್ತು ಹನ್ನೆರಡು ಅಡಿ ದೂರದಿಂದ ಬೇರೆಯವರ ಕೈಲಿ ತೆಗೆಸಿ, ಡಾಕ್ಯುಮೆಂಟ್ ಆಗಿ ಕಳಿಸಲಿ. ಆಗಲೂ ಮೂರು ಗಂಟೆಯ ಕೆಲಸ, 1500. ಒಟ್ಟು 2600, ಪ್ರಿಂಟಿನ ದುಡ್ಡು ಬೇರೆ. ಎರಡು ಸಲದ ತಿದ್ದುಪಡಿ ಇದರಲ್ಲೇ ಸೇರಿದೆ.’

ಮುಖ ಬದಲಿಸಿದ ಫೋಟೊ ಕೈಗೆ ಬಂದಾಗ ಎಲ್ಲರೂ ಕಣ್ಣು, ನಗು ನೋಡುತ್ತಾರೆ. ನೋಡಬೇಕಾದದ್ದು ಗದ್ದದ ಕೆಳಗಿನ ನೆರಳು ಮತ್ತು ಕೂದಲಿನ ಅಂಚು. ಪಕ್ಕದವರ ನೆರಳು ಬಲಕ್ಕೆ ಬಿದ್ದು ಇವರದು ಎಡಕ್ಕೆ ಬಿದ್ದಿದ್ದರೆ, ಅಥವಾ ಮುಡಿದ ಮಲ್ಲಿಗೆ ಕತ್ತರಿಯಲ್ಲಿ ಕತ್ತರಿಸಿದಂತಿದ್ದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ. ಅಂಥದ್ದನ್ನು ವಾಪಸು ಕೊಡಲು ಸಂಕೋಚ ಬೇಡ.

ಆ ಮೇಡಂ ಅಜ್ಜಿ, ಮಗುವಿನ ಕೆಲಸ ಮಾತ್ರ ಮಾಡಿಸಿದರು. ಅಣ್ಣ ಯುಗಾದಿಗೆ ಬರುತ್ತಾರಂತೆ, ಆಗಲೇ ಎಲ್ಲರೂ ಮತ್ತೊಮ್ಮೆ ನಿಲ್ಲುತ್ತಾರಂತೆ. ನಿಮ್ಮ ಮನೆಯ ಫೋಟೊದ ದಿನ ಕ್ಯಾಮೆರಾದವನು ‘ಇನ್ನೊಂದೇ ಒಂದು’ ಎಂದರೆ ಬೈದುಕೊಳ್ಳದೆ ನಿಂತಲ್ಲೇ ನಿಂತಿರಿ. ಅಜ್ಜಿಯ ಕಣ್ಣು ತೆರೆದಿರುವುದು ಅದರಲ್ಲೇ ಇರಬಹುದು.