ಮಲಗಲೊಲ್ಲದ ಕಾಲುಗಳು

ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ರಾತ್ರಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ನೆಲಮಂಗಲ ದಾಟುವ ಮುನ್ನವೇ ಕಾಲು ಚಾಚಿ, ಮಡಚಿ, ಕುಣಿಸತೊಡಗುತ್ತಾರೆ. ಹಾಸನದ ಹೊತ್ತಿಗೆ ಸೀಟು ಬಿಟ್ಟೆದ್ದು ನಡುದಾರಿಯಲ್ಲಿ ನಿಂತೇಬಿಡುತ್ತಾರೆ. ಇದೆಂಥ ಕೆಟ್ಟ ಅಭ್ಯಾಸ ಎಂದು ಗೊಣಗುವ ಮೊದಲು, ಅವರಿಗೊಂದು ಕಾಯಿಲೆ ಇರಬಹುದು ಎಂಬುದನ್ನು ಯೋಚಿಸಬೇಕು. ವೈದ್ಯರು ಅದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ.

ಅನುಭವಿಸುವವರಿಗೂ ಇದನ್ನು ವಿವರಿಸುವುದು ಕಷ್ಟ. ಮೀನಖಂಡದೊಳಗೆ ಇರುವೆ ಹರಿದಂತೆ, ಮೂಳೆಯ ಒಳಗೆ ತುರಿಸಿದಂತೆ, ಏನೋ ಎಳೆದಂತೆ ಎನ್ನುತ್ತಾರೆ. ನೋವೇ ಎಂದು ಕೇಳಿದರೆ ಹಲವರು ಅಲ್ಲ ಎನ್ನುತ್ತಾರೆ. ಆದರೆ ಕಾಲು ಅಲ್ಲಾಡಿಸದೆ ಇರಲಾಗುವುದಿಲ್ಲ ಎನ್ನುವುದನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ರೋಗವನ್ನು ಗುರುತಿಸುವುದೂ ಈ ಮಾತಿನಿಂದಲೇ. ಕಾಲು ಆಡಿಸಬೇಕೆಂಬ ತಡೆಯಲಾಗದ ಒತ್ತಡ, ಅದು ಕೂತಾಗ ಅಥವಾ ಮಲಗಿದಾಗ ಶುರುವಾಗುವುದು, ನಡೆದಾಡಿದರೆ ಅಷ್ಟು ಹೊತ್ತು ತಗ್ಗುವುದು, ಸಂಜೆ ಕಳೆದಂತೆ ಹೆಚ್ಚುವುದು: ಈ ನಾಲ್ಕೂ ಇದ್ದು, ಬೇರೆ ಕಾರಣ ಕಾಣದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮೀನಖಂಡ ಗಟ್ಟಿಯಾಗಿ ಹಿಡಿದುಕೊಂಡು ಚೀರುವಂತೆ ಮಾಡುವ ಸೆಳೆತ ಇದಲ್ಲ. ಸಕ್ಕರೆ ಕಾಯಿಲೆಯವರ ಅಂಗಾಲಿನ ಉರಿಯೂ ಇದಲ್ಲ, ಆ ಉರಿ ನಾಲ್ಕು ಹೆಜ್ಜೆ ಹಾಕಿದ ಮಾತ್ರಕ್ಕೆ ಮಾಯವಾಗುವುದಿಲ್ಲ.

ಇದು ಮೊಬೈಲು ಯುಗದ ಕಾಯಿಲೆಯೇನಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ 1672ರಲ್ಲೇ, ಹಾಸಿಗೆಗೆ ಹೋದೊಡನೆ ಕೈಕಾಲು ಚಡಪಡಿಸಿ ನಿದ್ದೆಗೆಡುವ ರೋಗಿಗಳ ಬಗ್ಗೆ ಬರೆದಿದ್ದ. ಆಮೇಲೆ ವೈದ್ಯಲೋಕ ಹೆಚ್ಚುಕಡಿಮೆ ಮರೆತೇಬಿಟ್ಟಿತು. ಸ್ವೀಡನ್ನಿನ ನರವೈದ್ಯ ಕಾರ್ಲ್ ಆಕ್ಸೆಲ್ ಎಕ್‌ಬೊಮ್ 1945ರಲ್ಲಿ ಇದರ ಮೇಲೊಂದು ಇಡೀ ಗ್ರಂಥವನ್ನೇ ಬರೆದ, ಹೆಸರಿಟ್ಟವನೂ ಅವನೇ. 1950ರ ದಶಕದ ಆರಂಭದಲ್ಲಿ ಅದೇ ದೇಶದ ನಾರ್ಡ್‌ಲ್ಯಾಂಡರ್ ಎಂಬ ವೈದ್ಯ ರೋಗಿಗಳ ರಕ್ತನಾಳಕ್ಕೆ ಕಬ್ಬಿಣ ಕೊಟ್ಟು ನೋಡಿದ. ಬಹುಪಾಲು ಎಲ್ಲರಿಗೂ ಆರಾಮ ಸಿಕ್ಕಿತು. ರಕ್ತಹೀನತೆ ಇಲ್ಲದವರಿಗೂ ಇದು ಫಲಿಸಿದ್ದು ಆತನ ಗಮನಕ್ಕೆ ಬಂತು. ಕಾಲಿನ ಕಿರಿಕಿರಿಗೂ ಕಬ್ಬಿಣಕ್ಕೂ ಏನು ಸಂಬಂಧ?

ಉತ್ತರ ಇರುವುದು ಮಿದುಳಿನಲ್ಲಿ. ಚಲನೆಯನ್ನು ಹದದಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು. ಈ ರೋಗಿಗಳ ಮಿದುಳುಬಳ್ಳಿಯ ದ್ರವವನ್ನು ಪರೀಕ್ಷಿಸಿದಾಗ, ಎಂಆರ್‌ಐ ತೆಗೆದಾಗ, ಮರಣಾನಂತರ ಮಿದುಳಿನ ಅಂಗಾಂಶ ನೋಡಿದಾಗ, ಮೂರೂ ಕಡೆ ಕಬ್ಬಿಣದ ಕೊರತೆ ಕಂಡಿದೆ. ವಿಚಿತ್ರವೆಂದರೆ ರಕ್ತದಲ್ಲಿ ಸಾಕಷ್ಟು ಕಬ್ಬಿಣ ಇದ್ದವರಲ್ಲೂ ಮಿದುಳಿಗೆ ಅದು ಸಾಲದೆ ಹೋಗಬಹುದು. ಕುಟುಂಬದಲ್ಲಿ ಹರಿದುಬರುವ ಗುಣವೂ ಇದಕ್ಕಿದೆ. ಮೇಲಾಗಿ ದೇಹದಲ್ಲಿ ಡೋಪಮೈನ್ ಚಟುವಟಿಕೆ, ರಕ್ತದ ಕಬ್ಬಿಣ ಎರಡೂ ರಾತ್ರಿ ಇಳಿಯುತ್ತವೆ. ಕಾಟ ಹಾಸಿಗೆಯ ಹೊತ್ತಿಗೇ ಬರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹಾಗಾದರೆ ಹಿಮೋಗ್ಲೋಬಿನ್ ಸರಿಯಿದ್ದರೆ ಸಾಕಲ್ಲವೇ? ಸಾಲದು. ಹಿಮೋಗ್ಲೋಬಿನ್ ಅಡುಗೆಮನೆಯ ಡಬ್ಬದಲ್ಲಿರುವ ರಾಗಿ. ಫೆರಿಟಿನ್ ಎಂಬ ಪ್ರೋಟೀನು ಕಣಜದ ಲೆಕ್ಕ. ಕಣಜ ತಳ ಕಂಡಮೇಲೂ ಡಬ್ಬ ಕೆಲವು ದಿನ ತುಂಬಿರುತ್ತದೆ.

ಒಂದು ಮಾದರಿ ಪ್ರಕರಣ ಇಟ್ಟುಕೊಳ್ಳೋಣ. ನಲವತ್ತೆರಡರ ಶಾಲಾ ಶಿಕ್ಷಕಿ. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚು. ಊಟವಾದೊಡನೆ ಸ್ಟ್ರಾಂಗ್ ಕಾಫಿ ಬೇಕು. ರಾತ್ರಿ ಹತ್ತರಿಂದ ಒಂದರವರೆಗೆ ಕಾಲಿನ ಕಾಟ, ಮಗಳಿಂದ ಕಾಲು ಒತ್ತಿಸಿಕೊಂಡರೆ ಸ್ವಲ್ಪ ಹಗುರ. ಹಿಮೋಗ್ಲೋಬಿನ್ 12.2 ಇದೆ, ರಕ್ತಹೀನತೆ ಇಲ್ಲ ಎಂದು ಕಳಿಸಿದ್ದಾರೆ. ಫೆರಿಟಿನ್ ಮಾಡಿಸಿದರೆ 16 ಬರುತ್ತದೆ. ಲ್ಯಾಬಿನ ಕಾಗದದಲ್ಲಿ ಹೆಂಗಸರ ಮಿತಿ 13ರಿಂದ 150 ಎಂದು ಅಚ್ಚಾಗಿರುವುದರಿಂದ ಅಲ್ಲೂ ನಾರ್ಮಲ್! ಎಡವಟ್ಟಾಗುವುದು ಇಲ್ಲೇ. ಈ ಕಾಯಿಲೆಯ ಮಟ್ಟಿಗೆ ತಜ್ಞರು ನೋಡುವ ಗೆರೆ ಬೇರೆ: ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡಬಹುದು ಎನ್ನುತ್ತಾರೆ. ಆಕೆಯ 16 ಅದರ ಕಾಲು ಭಾಗವೂ ಅಲ್ಲ. ಪರೀಕ್ಷೆಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗುವುದು ಒಳ್ಳೆಯದು, ಹಿಂದಿನ ದಿನ ಕಬ್ಬಿಣದ ಮಾತ್ರೆ ನುಂಗಿರಬಾರದು. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ. ಆದ್ದರಿಂದ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಪರೀಕ್ಷೆಯನ್ನೂ ಜೊತೆಗೆ ಮಾಡಿಸುತ್ತಾರೆ.

ಶಿಕ್ಷಕಿಗೆ ವೈದ್ಯರು ಕಬ್ಬಿಣದ ಮಾತ್ರೆ ಬರೆಯುತ್ತಾರೆ. ಅದನ್ನು ಖಾಲಿ ಹೊಟ್ಟೆಯಲ್ಲಿ, ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಕಾಫಿ, ಟೀ, ಹಾಲು, ಆಂಟಾಸಿಡ್‌ಗಳನ್ನು ಮಾತ್ರೆಯ ಹತ್ತಿರಕ್ಕೂ ತರಬಾರದು. ಒಂದು ಮಾತ್ರೆ ನುಂಗಿದ ಮೇಲೆ ಸುಮಾರು ಒಂದು ದಿನ ಕರುಳು ಕಬ್ಬಿಣಕ್ಕೆ ಬಾಗಿಲು ಓರೆ ಮಾಡುವುದರಿಂದ ದಿನ ಬಿಟ್ಟು ದಿನ ಕೊಡುವ ಕ್ರಮವೂ ಇದೆ. ಮಲ ಕಪ್ಪಾಗುತ್ತದೆ, ಮಲಬದ್ಧತೆ ಕಾಡಬಹುದು. ಎಲ್ಲಕ್ಕಿಂತ ಕಷ್ಟದ್ದು ಕಾಯುವುದು. ಕಣಜ ತುಂಬಲು ಮೂರು ತಿಂಗಳಾದರೂ ಬೇಕು. ಮಾತ್ರೆ ಒಗ್ಗದವರಿಗೆ, ಅದರಿಂದ ಫಲ ಕಾಣದವರಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕಬ್ಬಿಣ ಏರಿಸುತ್ತಾರೆ. ಆದರೂ ಕೆಲವರಿಗೆ ಕಬ್ಬಿಣ ತುಂಬಿದರೂ ಕಾಟ ಪೂರ್ತಿ ಹೋಗುವುದಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ.

ಅಷ್ಟರವರೆಗೆ ರಾತ್ರಿ ಕಳೆಯುವುದು ಹೇಗೆ? ಮಲಗುವ ಮುನ್ನ ಮೀನಖಂಡದ ಸ್ನಾಯು ಎಳೆಯುವ ವ್ಯಾಯಾಮ, ಕಾಲು ತಿಕ್ಕುವುದು, ಬಿಸಿನೀರಿನಲ್ಲಿ ಅದ್ದುವುದು ಹಲವರಿಗೆ ಹಿಡಿಸುತ್ತದೆ, ಕೆಲವರಿಗೆ ತಣ್ಣೀರೇ ಹಿತ. ಮನಸ್ಸನ್ನು ಹಿಡಿದಿಡುವ ಕೆಲಸ, ಪದಬಂಧವೋ ಚೌಕಾಬಾರವೋ, ಕೂತಾಗಿನ ಚಡಪಡಿಕೆಯನ್ನು ತಗ್ಗಿಸುತ್ತದೆ. ಸಂಜೆಯ ಕಾಫಿ, ಮದ್ಯ ಬಿಟ್ಟು ನೋಡಬೇಕು.

ಅನುಮಾನವೇ ಬಾರದ ಇನ್ನೊಂದು ಕಳ್ಳ ಔಷಧದ ಡಬ್ಬಿಯಲ್ಲಿರುತ್ತದೆ. ನೆಗಡಿಗೆ ನುಂಗುವ, ನಿದ್ದೆ ತರಿಸುವ ಹಳೆಯ ಬಗೆಯ ಅಲರ್ಜಿ ಮಾತ್ರೆಗಳು, ವಾಂತಿ ತಡೆಯುವ ಕೆಲವು ಔಷಧಗಳು, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಈ ಕಾಟವನ್ನು ಕೆರಳಿಸುತ್ತವೆ. ನಿದ್ದೆ ಬರಲಿ ಎಂದು ನೆಗಡಿ ಮಾತ್ರೆ ನುಂಗಿದವರು ರಾತ್ರಿಯಿಡೀ ಹಜಾರದಲ್ಲಿ ಓಡಾಡಿದರೆ ಅಚ್ಚರಿಯಿಲ್ಲ. ಖಿನ್ನತೆಯ ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ತೀವ್ರವಾಗಿ ಬಳಲುವವರಿಗೆ ಹಿಂದೆ ಪಾರ್ಕಿನ್‌ಸನ್ ರೋಗಕ್ಕೆ ಬಳಸುವ, ಡೋಪಮೈನಿನಂತೆ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್‌ಗಳೇ ಮೊದಲ ಆಯ್ಕೆಯಾಗಿದ್ದವು. ಮೊದಮೊದಲು ಅವು ಪವಾಡದಂತೆ ಕೆಲಸ ಮಾಡುತ್ತವೆ. ವರ್ಷಗಳು ಕಳೆದಂತೆ ಹಲವರಲ್ಲಿ ಕಾಟ ರಾತ್ರಿಯಿಂದ ಸಂಜೆಗೆ, ಸಂಜೆಯಿಂದ ಮಧ್ಯಾಹ್ನಕ್ಕೆ ಜರುಗಿ, ತೋಳಿಗೂ ಹಬ್ಬುತ್ತದೆ. ಕೆಲವರಿಗೆ ಜೂಜಿನ ಹುಚ್ಚು ಹಿಡಿದದ್ದೂ ಉಂಟು. ಹಾಗಾಗಿ ಈಗ ತಜ್ಞರು ಕಬ್ಬಿಣದ ನಂತರ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಬಗೆಯ ಔಷಧಗಳತ್ತ ಹೊರಳಿದ್ದಾರೆ.

ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳು ಇದು ಹೆಚ್ಚು, ಹೆರಿಗೆಯಾದ ಮೇಲೆ ಬಹುತೇಕ ತಾನಾಗಿ ಹೋಗುತ್ತದೆ. ಮೂತ್ರಪಿಂಡ ಸೋತು ಡಯಾಲಿಸಿಸ್ ಮಾಡಿಸುವವರಲ್ಲೂ ಸಾಮಾನ್ಯ. ಉಳಿದಂತೆ, 2007ರಲ್ಲಿ ಪ್ರಕಟವಾದ ಬೆಂಗಳೂರಿನ ಸಮೀಕ್ಷೆಯೊಂದರಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಇದು ಕಂಡಿತ್ತು. ಪಶ್ಚಿಮದ ದೇಶಗಳಿಗಿಂತ ಕಡಿಮೆಯೇ, ಆದರೂ ಈ ಊರಿನ ಜನಸಂಖ್ಯೆಗೆ ಹಾಕಿದರೆ ಸಣ್ಣ ಲೆಕ್ಕವಲ್ಲ.

ಇಷ್ಟು ಓದಿ ಔಷಧದಂಗಡಿಗೆ ಹೋಗಿ ಕಬ್ಬಿಣದ ಮಾತ್ರೆ ಕೊಳ್ಳಬೇಡಿ, ಮೊದಲು ಫೆರಿಟಿನ್ ಮಾಡಿಸಿ. ದೇಹಕ್ಕೆ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ಗೊತ್ತಿಲ್ಲ, ಅದು ಯಕೃತ್ತು, ಹೃದಯಗಳಲ್ಲಿ ಸೇರಿಕೊಂಡು ಹಾಳುಮಾಡುತ್ತದೆ. ಇನ್ನು ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಫೆರಿಟಿನ್ ತಳಕ್ಕಿಳಿದಿದ್ದರೆ ಮಾತ್ರೆ ಕೊಟ್ಟು ಸುಮ್ಮನಾಗುವಂತಿಲ್ಲ. ಹೊಟ್ಟೆಯಲ್ಲೋ ಕರುಳಿನಲ್ಲೋ ರಕ್ತ ಸೋರುತ್ತಿದೆಯೇ ಎಂದು ಹುಡುಕಲೇಬೇಕು.