ಯಾರ ಮೇಜಿಗೆ ಯಾರು ಬೇಡ

ಪಂಕ್ತಿಯೂಟದಲ್ಲಿ ಈ ತೊಡಕು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮಾತು ಬಿಟ್ಟ ಅಣ್ಣತಮ್ಮಂದಿರಲ್ಲಿ ಒಬ್ಬರು ಮೊದಲ ಪಂಕ್ತಿಗೆ ಕೂತರೆ ಇನ್ನೊಬ್ಬರು ‘ಮಕ್ಕಳ ಊಟ ಆಗಲಿ’ ಎಂದು ಎರಡನೆಯದಕ್ಕೆ ಉಳಿಯುತ್ತಾರೆ. ಅಮೆರಿಕದ ಕನ್ನಡ ಕುಟುಂಬಗಳ ಆರತಕ್ಷತೆಯಲ್ಲಿ ಹಾಗೆ ಮಾಡಲು ಬರುವುದಿಲ್ಲ. ಅಲ್ಲಿ ಹೋಟೆಲಿನ ಸಭಾಂಗಣದಲ್ಲಿ ದುಂಡುಮೇಜುಗಳು, ಪ್ರತಿ ಹೆಸರಿಗೂ ಒಂದು ಮೇಜಿನ ಸಂಖ್ಯೆ, ಎಲ್ಲರಿಗೂ ಒಂದೇ ಹೊತ್ತಿಗೆ ಊಟ. ಈಗ ಬೆಂಗಳೂರಿನ ಕೆಲವು ಹೋಟೆಲ್ ಮದುವೆಗಳೂ ಹೀಗೇ ನಡೆಯುತ್ತವೆ. ಯಾರು ಎಲ್ಲಿ ಕೂರಬೇಕೆಂದು ಮನೆಯವರೇ ಮೊದಲು ತೀರ್ಮಾನಿಸಬೇಕು.

ಅತಿಥಿಗಳ ಪಟ್ಟಿ ಸಾಮಾನ್ಯವಾಗಿ ಒಂದು ಎಕ್ಸೆಲ್ ಕಡತವಾಗಿ ಬರುತ್ತದೆ. ಕೊನೆಯ ಕಾಲಂನಲ್ಲಿ ‘ರಮೇಶ ಮಾವನ ಜೊತೆ ಬೇಡ’ ಎಂಬಂಥ ಟಿಪ್ಪಣಿಗಳಿರುತ್ತವೆ. ಪಟ್ಟಿಯಲ್ಲಿ ಇಬ್ಬರು ರಮೇಶರಿದ್ದರೆ ಅಲ್ಲೇ ಎಡವಟ್ಟು. ಆದ್ದರಿಂದ ಮೊದಲು ಪ್ರತಿಯೊಬ್ಬರಿಗೂ ಬದಲಾಗದ ಒಂದು ಸಂಖ್ಯೆ ಕೊಡಿ. ಎಕ್ಸೆಲ್ ತೋರಿಸುವ ಸಾಲಿನ ಸಂಖ್ಯೆ ಸಾಲದು, ಹೆಸರನ್ನು ಅಕಾರಾದಿಯಾಗಿ ಜೋಡಿಸಿದ ಕೂಡಲೇ ಅದು ಬೇರೆಯವರದಾಗುತ್ತದೆ. ಆಮೇಲೆ ‘ಬೇಡ’ ಎಂಬ ಜೋಡಿಗಳನ್ನೆಲ್ಲ ಇನ್ನೊಂದು ಹಾಳೆಗೆ ತೆಗೆಯಿರಿ, ಒಂದು ಸಾಲಿಗೆ ಒಂದು ಜೋಡಿ. ಮುನಿಸು ಬರೆದಿರುವುದು ಒಬ್ಬರ ಹೆಸರಿನ ಮುಂದೆ ಮಾತ್ರ, ಅನ್ವಯಿಸುವುದು ಇಬ್ಬರಿಗೂ.

ಟಿಪ್ಪಣಿ ಬರೆದವರನ್ನು ಕೇಳಿಕೊಳ್ಳಬೇಕಾದ ಮಾತೊಂದಿದೆ: ಒಂದೇ ಮೇಜು ಬೇಡವೋ, ಕಣ್ಣೆದುರಿಗೇ ಬೇಡವೋ? ಕೋರ್ಟಿನಲ್ಲಿ ಆಸ್ತಿ ವ್ಯಾಜ್ಯವಿರುವವರನ್ನು ಪಕ್ಕಪಕ್ಕದ ಮೇಜುಗಳಿಗೆ ಹಾಕಿದರೆ ಬೇರೆ ಮಾಡಿದಂತೆ ಆಗಲಿಲ್ಲ.

ಒಂದು ಉದಾಹರಣೆ ನೋಡೋಣ. 76 ಅತಿಥಿಗಳು, ಆರು ಅಡಿ ಅಗಲದ ಎಂಟು ಮೇಜುಗಳು, ಒಂದಕ್ಕೆ ಹತ್ತು ಕುರ್ಚಿ. ವಧುವಿನ ದೊಡ್ಡಪ್ಪನ ಮನೆಯವರು ಐವರು, ಚಿಕ್ಕಪ್ಪನ ಮನೆಯವರು ನಾಲ್ವರು. ಇವರ ನಡುವೆ ಜಮೀನಿನ ವ್ಯಾಜ್ಯ. ಸೋದರತ್ತೆ ದಂಪತಿ ಚಿಕ್ಕಪ್ಪನ ಕಡೆ, ದೊಡ್ಡಪ್ಪನ ಜೊತೆ ಮಾತಿಲ್ಲ. ದೊಡ್ಡಪ್ಪನ ಬೀಗರು ಮೂವರು, ಅವರಿಗೆ ದೊಡ್ಡಪ್ಪನ ಜೊತೆಗೇ ಕೂರಬೇಕು. ಆದರೆ ಆ ಬೀಗರಿಗೂ ವಧುವಿನ ಸೋದರಮಾವನಿಗೂ ಹಿಂದೆ ಪಾಲುಗಾರಿಕೆ ಮುರಿದುಬಿದ್ದಿದೆ. ಸೋದರಮಾವನ ಮನೆಯವರು ನಾಲ್ವರು.

ಸ್ನೇಹಿತರು, ಸಹೋದ್ಯೋಗಿಗಳು ಸುಲಭ ಎಂದು ಅವರಿಂದ ಶುರುಮಾಡುವವರೇ ಹೆಚ್ಚು. ಕೊನೆಗೆ ಇಲ್ಲಿ ಎರಡು, ಅಲ್ಲಿ ಮೂರು ಕುರ್ಚಿ ಮಿಕ್ಕು, ಚಿಕ್ಕಪ್ಪನ ಮನೆಯವರನ್ನೇ ಒಡೆಯಬೇಕಾಗುತ್ತದೆ. ಅತಿ ಹೆಚ್ಚು ಗಂಟುಗಳಿರುವವರಿಂದಲೇ ಆರಂಭಿಸಬೇಕು, ಒಬ್ಬೊಬ್ಬರನ್ನಲ್ಲ, ಮನೆಯನ್ನೇ ಒಂದು ಘಟಕವಾಗಿ ಎಣಿಸಬೇಕು. ಇಲ್ಲಿ ಮೊದಲು ದೊಡ್ಡಪ್ಪ. ಅವರು ಐವರು, ಬೀಗರು ಮೂವರು, ಒಟ್ಟು ಎಂಟು. ಉಳಿದ ಎರಡು ಕುರ್ಚಿ ಯಾರ ಪಕ್ಷಕ್ಕೂ ಸೇರದ ಊರಿನ ಹಿರಿಯ ದಂಪತಿಗೆ. ಚಿಕ್ಕಪ್ಪನವರು ನಾಲ್ವರು, ಸೋದರತ್ತೆ ದಂಪತಿ ಇಬ್ಬರು, ಸೋದರಮಾವನವರು ನಾಲ್ವರು ಸೇರಿದರೆ ಎರಡನೆಯ ಮೇಜಿಗೆ ಸರಿಯಾಗಿ ಹತ್ತು. ಇಬ್ಬರನ್ನೂ ವೇದಿಕೆಗೆ ಒಂದೇ ದೂರದಲ್ಲಿ, ಮುಂದಿನ ಸಾಲಿನ ಎರಡು ತುದಿಗಳಲ್ಲಿ ಹಾಕುವುದು ಒಳ್ಳೆಯದು. ಒಬ್ಬರನ್ನು ಹಿಂದೆ ಹಾಕಿದರೆ ಹಳೆಯ ಜಗಳಕ್ಕೆ ಹೊಸದೊಂದು ಸೇರುತ್ತದೆ.

ಟಿಪ್ಪಣಿಯಲ್ಲಿ ಬರೆಯದ ಒಂದು ಸಂಗತಿ ಅಜ್ಜಿಯದು. ಅವರ ಹೆಸರಿನ ಮುಂದೆ ‘ಬೇಡ’ ಎಂದು ಏನೂ ಇರುವುದಿಲ್ಲ. ಆದರೆ ಯಾವ ಮಗನ ಮೇಜಿಗೆ ಹಾಕಿದರೂ ತಾಯಿ ಆ ಮಗನ ಪಕ್ಷ ಎಂದು ಅರ್ಥವಾಗುತ್ತದೆ. ಅವರ ಜಾಗ ವಧುವಿನ ತಂದೆತಾಯಿಯ ಮೇಜಿನಲ್ಲಿ. ಇಂಥದ್ದು ಕಡತದಿಂದ ತಿಳಿಯುವುದಿಲ್ಲ, ಮನೆಯ ಹಿರಿಯರೊಬ್ಬರ ಜೊತೆ ಕೂತು ಪಟ್ಟಿ ಓದಿಸಿದಾಗ ಮಾತ್ರ ಗೊತ್ತಾಗುತ್ತದೆ.

76 ಜನರಲ್ಲಿ ಆಗಬಹುದಾದ ಜೋಡಿಗಳು 2,850. ಕಣ್ಣಿಂದ ನೋಡಿ ಪರೀಕ್ಷಿಸುವ ಬದಲು ಎಕ್ಸೆಲ್ಲಿಗೇ ಆ ಕೆಲಸ ಬಿಡಬಹುದು. ಅತಿಥಿಗಳ ಹಾಳೆಯ ಹೆಸರು Guests, ಅದರ A ಕಾಲಂನಲ್ಲಿ ಸಂಖ್ಯೆ, F ಕಾಲಂನಲ್ಲಿ ಮೇಜು ಎಂದಿಟ್ಟುಕೊಳ್ಳಿ. ‘ಬೇಡ’ ಜೋಡಿಗಳ ಹಾಳೆಯಲ್ಲಿ A ಮತ್ತು B ಕಾಲಂಗಳಲ್ಲಿ ಇಬ್ಬರ ಸಂಖ್ಯೆ, C ಕಾಲಂನಲ್ಲಿ ಈ ಸೂತ್ರ:

```
=VLOOKUP(A2,Guests!A:F,6,FALSE)=VLOOKUP(B2,Guests!A:F,6,FALSE)
```

TRUE ಎಂದು ಬಂದರೆ ಆ ಇಬ್ಬರೂ ಒಂದೇ ಮೇಜಿನಲ್ಲಿದ್ದಾರೆ. ಇಬ್ಬರಿಗೂ ಮೇಜು ತುಂಬಿಲ್ಲದಿದ್ದರೂ TRUE ಬರುತ್ತದೆ, ಹಾಗಾಗಿ ಎಲ್ಲರಿಗೂ ತುಂಬಿದ ಮೇಲೆ ನೋಡಿ. ಪಕ್ಕದ ಮೇಜಿನ ತೊಂದರೆ ಈ ಸೂತ್ರಕ್ಕೆ ಕಾಣುವುದಿಲ್ಲ. ಅದಕ್ಕೆ ಸಭಾಂಗಣದ ನಕ್ಷೆಯನ್ನೇ ಎದುರಿಗಿಟ್ಟುಕೊಳ್ಳಬೇಕು.

ಕೊನೆಯ ಗಳಿಗೆಯಲ್ಲಿ ಬರುವವರಿಗಾಗಿ ಮಿಕ್ಕ ನಾಲ್ಕು ಕುರ್ಚಿಗಳನ್ನು ಸ್ನೇಹಿತರ ಮೇಜುಗಳಲ್ಲೇ ಉಳಿಸಿಕೊಳ್ಳಿ, ನೆಂಟರ ಮೇಜುಗಳನ್ನು ಮತ್ತೆ ಮುಟ್ಟಬೇಡಿ. ಹೋಟೆಲಿನವರಿಗೆ ಕಳಿಸುವ ಪ್ರತಿಯಲ್ಲಿ ಹೆಸರು, ಮೇಜಿನ ಸಂಖ್ಯೆ, ಊಟದ ವಿವರ ಮಾತ್ರ ಇರಲಿ. ಟಿಪ್ಪಣಿಯ ಕಾಲಂ ಮತ್ತು ಜೋಡಿಗಳ ಹಾಳೆಯನ್ನು ಮರೆಮಾಡಿದರೆ ಸಾಲದು, ಆ ಪ್ರತಿಯಿಂದ ಅಳಿಸಿಯೇ ಕಳಿಸಿ.